‘ಅಸಲು ಬಂದರೆ ಸಾಕು’ ಎಂದು ಕಾದವರು ತಳದಲ್ಲಿ ಮಾರುವುದೇಕೆ?

2020ರ ಮಾರ್ಚ್ 23, ಸೋಮವಾರ. ಷೇರುಪೇಟೆ ತೆರೆದು ಒಂದು ತಾಸು ಕಳೆಯುವ ಮೊದಲೇ ಸೂಚ್ಯಂಕ ಶೇ 10ರಷ್ಟು ಕುಸಿದು ಲೋವರ್ ಸರ್ಕಿಟ್ ಮುಟ್ಟಿತು. 45 ನಿಮಿಷ ವಹಿವಾಟು ನಿಂತಿತು. ಮತ್ತೆ ಶುರುವಾದಾಗ ಕುಸಿತವೂ ಮುಂದುವರಿಯಿತು. ಸಂಜೆಯ ಹೊತ್ತಿಗೆ ಸೆನ್ಸೆಕ್ಸ್ 3,934 ಅಂಶ ಕಳೆದುಕೊಂಡು 25,981ಕ್ಕೆ ಬಂದಿತ್ತು, ನಿಫ್ಟಿ 7,610ರಲ್ಲಿತ್ತು. ಒಂದೇ ದಿನದಲ್ಲಿ ಶೇ 13ರ ಇಳಿಕೆ. ಆ ವರ್ಷ ದಿನದ ಕೊನೆಯ ಲೆಕ್ಕದಲ್ಲಿ ಪೇಟೆ ಅದಕ್ಕಿಂತ ಕೆಳಗೆ ಹೋಗಲೇ ಇಲ್ಲ.

ಆ ದಿನ ಮಾರಿದ ಸಣ್ಣ ಹೂಡಿಕೆದಾರರ ಬಗ್ಗೆ ‘ಹೆದರಿ ಮಾರಿದರು’ ಎಂಬ ಒಂದು ಮಾತು ಹೇಳಿ ಮುಗಿಸುವುದು ರೂಢಿ. ನನಗೆ ಆ ವಿವರಣೆ ಸಾಲದು. ಕೊರೊನಾ ಸುದ್ದಿ ಜನವರಿಯಿಂದಲೇ ಇತ್ತು. ಫೆಬ್ರುವರಿಯ ಕೊನೆಯ ವಾರದಲ್ಲಿ ಪೇಟೆ ಚೆನ್ನಾಗಿಯೇ ಕುಸಿದಿತ್ತು. ಹೆದರಿಕೆಯೇ ಕಾರಣವಾಗಿದ್ದರೆ ಅವರು ಆಗಲೇ ಮಾರಬೇಕಿತ್ತು. ಕಡಿಮೆ ನಷ್ಟದಲ್ಲಿ ಹೊರಬರುವ ಅವಕಾಶವಿದ್ದಾಗ ಕದಲದ ಕೈ, ನಷ್ಟ ಅತಿ ಹೆಚ್ಚಾದಾಗ ಏಕೆ ಕದಲಿತು ಎಂಬುದು ನಿಜವಾದ ಪ್ರಶ್ನೆ.

ಒಂದು ಲೆಕ್ಕ ಹಿಡಿದು ಹೋಗೋಣ. ಜನವರಿ 14ರಂದು ನಿಫ್ಟಿ 12,362ರಲ್ಲಿದ್ದಾಗ ಒಬ್ಬರು ಸೂಚ್ಯಂಕ ಫಂಡ್‌ನಲ್ಲಿ 5 ಲಕ್ಷ ರೂಪಾಯಿ ಹಾಕಿದರು ಎಂದಿಟ್ಟುಕೊಳ್ಳಿ. ಫೆಬ್ರುವರಿ 28ಕ್ಕೆ ನಿಫ್ಟಿ 11,202. ಅವರ ಹಣ 4.53 ಲಕ್ಷ. ಮಾರ್ಚ್ 12ಕ್ಕೆ 9,590, ಹಣ 3.88 ಲಕ್ಷ. ಮಾರನೇ ದಿನ ಬೆಳಿಗ್ಗೆಯೇ ಲೋವರ್ ಸರ್ಕಿಟ್, ಆದರೆ ವಹಿವಾಟು ಮತ್ತೆ ಶುರುವಾದ ಮೇಲೆ ಪೇಟೆ ಪುಟಿದೆದ್ದು ಲಾಭದಲ್ಲೇ ಮುಗಿಯಿತು, 4.03 ಲಕ್ಷ. ಮಾರ್ಚ್ 23ರ ಸಂಜೆ ಉಳಿದದ್ದು 3.08 ಲಕ್ಷ.

ಫೆಬ್ರುವರಿ 28ರಂದು ಈ ಹೂಡಿಕೆದಾರರು ಏನು ಹೇಳಿಕೊಂಡಿರುತ್ತಾರೆ ಎಂಬುದನ್ನು ಊಹಿಸುವುದು ಕಷ್ಟವಲ್ಲ: ‘ಅಸಲು ಬಂದರೆ ಸಾಕು, ತೆಗೆದುಬಿಡ್ತೀನಿ.’ ಡೇನಿಯಲ್ ಕಾನೆಮನ್ ಮತ್ತು ಏಮೊಸ್ ಟ್ವೆರ್‌ಸ್ಕಿ 1979ರಲ್ಲಿ ಪ್ರಕಟಿಸಿದ ಸಿದ್ಧಾಂತದ ತಿರುಳು ಈ ಮಾತಿನಲ್ಲೇ ಇದೆ. ಲಾಭ–ನಷ್ಟವನ್ನು ನಾವು ಒಟ್ಟು ಆಸ್ತಿಯ ಲೆಕ್ಕದಲ್ಲಿ ನೋಡುವುದಿಲ್ಲ. ಮನಸ್ಸಿನಲ್ಲಿ ನೆಟ್ಟ ಒಂದು ಗುರುತಿನಿಂದ ಅಳೆಯುತ್ತೇವೆ. ಆ ಗುರುತಿನಿಂದ ಕೆಳಗಿಳಿದಾಗಿನ ನೋವು, ಅಷ್ಟೇ ಮೇಲೇರಿದಾಗಿನ ಖುಷಿಯ ಸುಮಾರು ಎರಡು ಪಟ್ಟು. ಬಹಳಷ್ಟು ಜನ ಮರೆಯುವ ಇನ್ನೊಂದು ಭಾಗವೂ ಆ ಸಿದ್ಧಾಂತದಲ್ಲಿದೆ: ನಷ್ಟದಲ್ಲಿರುವವನು ಎಚ್ಚರಿಕೆ ಬಿಟ್ಟು ಜೂಜಿಗೆ ಇಳಿಯುತ್ತಾನೆ. ಖಚಿತವಾದ ಸಣ್ಣ ನಷ್ಟವನ್ನು ಒಪ್ಪುವುದಕ್ಕಿಂತ, ಅಸಲು ಮರಳಬಹುದೆಂಬ ಆಸೆಗೆ ದೊಡ್ಡ ನಷ್ಟದ ಅಪಾಯವನ್ನು ತಲೆಗೆ ಕಟ್ಟಿಕೊಳ್ಳುತ್ತಾನೆ. ಅಂದರೆ ನಷ್ಟದ ನೋವು ಮೊದಲು ಮಾಡುವ ಕೆಲಸ ಮಾರಿಸುವುದಲ್ಲ, ಮಾರದಂತೆ ತಡೆಯುವುದು.

ಹಾಗಾದರೆ 3.08 ಲಕ್ಷಕ್ಕೆ ಬಂದಾಗ ಆದದ್ದೇನು? ನನ್ನ ತಿಳಿವಳಿಕೆಯಲ್ಲಿ ಅಲ್ಲಿ ಬದಲಾದದ್ದು ಅಳತೆಯ ಗುರುತು. ಅಲ್ಲಿಯವರೆಗೆ 5 ಲಕ್ಷದಿಂದ ಅಳೆಯುತ್ತಿದ್ದ ಮನಸ್ಸು ಒಂದು ಹಂತದಲ್ಲಿ ಅದರ ಆಸೆಯನ್ನೇ ಬಿಡುತ್ತದೆ. ಉಳಿದ 3 ಲಕ್ಷವೇ ಹೊಸ ಅಸಲಾಗುತ್ತದೆ. ‘ಅಸಲು ಬಂದರೆ ಸಾಕು’ ಎಂಬ ಮಾತಿನ ಜಾಗಕ್ಕೆ ‘ಉಳಿದದ್ದಾದರೂ ಉಳಿಯಲಿ’ ಬರುತ್ತದೆ. ಈಗ ಸುಮ್ಮನಿರುವುದೇ ನಷ್ಟದ ದಾರಿಯಾಗಿ ಕಾಣುತ್ತದೆ, ಮಾರುವುದು ರಕ್ಷಣೆಯಾಗಿ ಕಾಣುತ್ತದೆ. ಅದೇ ನಷ್ಟಭೀತಿ, ಮೊದಲು ಕೈ ಕಟ್ಟಿಹಾಕಿತ್ತು, ಈಗ ಕೈ ಹಿಡಿದು ಗುಂಡಿ ಒತ್ತಿಸುತ್ತದೆ. ಗುರುತು ಬದಲಾಗಲು ಕುಸಿತ ದೊಡ್ಡದಾಗಿರಬೇಕು, ಹಾಗಾಗಿ ಈ ಮಾರಾಟ ತಳದ ಆಸುಪಾಸಿನಲ್ಲೇ ನಡೆಯುತ್ತದೆ. ಇದು ದುರದೃಷ್ಟವೂ ಅಲ್ಲ, ಕಾಕತಾಳೀಯವೂ ಅಲ್ಲ.

ದಿನಕ್ಕೆ ಹತ್ತು ಬಾರಿ ಮೊಬೈಲ್ ನೋಡುವ ಅಭ್ಯಾಸ ಈ ಬದಲಾವಣೆಯನ್ನು ಬೇಗ ತರುತ್ತದೆ. ಪೇಟೆ ಚೆನ್ನಾಗಿರುವ ವರ್ಷದಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ದಿನಗಳು ಇಳಿಕೆಯ ದಿನಗಳೇ. ಒಂದು ಇಳಿಕೆಯ ನೋವು ಒಂದು ಏರಿಕೆಯ ಖುಷಿಗಿಂತ ಎರಡು ಪಟ್ಟಿದ್ದರೆ, ದಿನವೂ ನೋಡುವವನ ಮನಸ್ಸಿನ ಖಾತೆ ಸದಾ ಸಾಲದಲ್ಲೇ ಇರುತ್ತದೆ. ಶ್ಲೋಮೊ ಬೆನಾರ್ಟ್ಜಿ ಮತ್ತು ರಿಚರ್ಡ್ ಥೇಲರ್ 1995ರಲ್ಲಿ ತೋರಿಸಿದ್ದು ಇದನ್ನೇ: ಎಷ್ಟು ಸಲ ಲೆಕ್ಕ ನೋಡುತ್ತೀರಿ ಎಂಬುದರ ಮೇಲೆ ಅದೇ ಹೂಡಿಕೆ ಸಹ್ಯವೋ ಅಸಹ್ಯವೋ ಎಂಬುದು ನಿರ್ಧಾರವಾಗುತ್ತದೆ.

ಮನಸ್ಸು ಹೀಗೆ ಅಂಚಿಗೆ ಬಂದು ನಿಂತಾಗ ಕೊನೆಯ ತಳ್ಳು ಕೊಡುವುದು ಮಂದೆ. ನಾಲ್ಕು ಜನ ಮಾರುತ್ತಿದ್ದಾರೆಂದರೆ ಅವರಿಗೆ ನಮಗೆ ಗೊತ್ತಿಲ್ಲದ ಏನೋ ಗೊತ್ತಿರಬೇಕು ಎಂದುಕೊಳ್ಳುವುದು ಮೂರ್ಖತನವೇನಲ್ಲ. ಬೇರೆ ಎಷ್ಟೋ ವಿಷಯಗಳಲ್ಲಿ ಅದು ಸರಿಯಾದ ಊಹೆಯೇ. ಪೇಟೆಯಲ್ಲಿ ಅದು ದಾರಿ ತಪ್ಪಿಸುವುದಕ್ಕೆ ಕಾರಣ, ಮಾರುವವರ ಅಗತ್ಯಗಳು ನಮ್ಮ ಅಗತ್ಯಗಳಲ್ಲ. ಆ ಮಾರ್ಚ್ ತಿಂಗಳಲ್ಲಿ ವಿದೇಶಿ ಹೂಡಿಕೆದಾರರು ನಮ್ಮ ಪೇಟೆಯಲ್ಲಿ ಸುಮಾರು 62 ಸಾವಿರ ಕೋಟಿ ರೂಪಾಯಿಯ ಷೇರು ಮಾರಿದರು. ಜಗತ್ತಿನಾದ್ಯಂತ ಡಾಲರಿಗೆ ಪರದಾಟ ಶುರುವಾಗಿತ್ತು. ಭಾರತದ ಷೇರು ಕೆಟ್ಟದ್ದೋ ಒಳ್ಳೆಯದೋ ಎಂಬುದಕ್ಕಿಂತ ಎಲ್ಲಿ ಮಾರಿದರೆ ಬೇಗ ನಗದು ಸಿಗುತ್ತದೆ ಎಂಬುದು ಅವರಿಗೆ ಮುಖ್ಯವಾಗಿತ್ತು. ಸಾಲದ ಹಣದಲ್ಲಿ ವಹಿವಾಟು ಮಾಡಿದವರ ಷೇರುಗಳನ್ನು ಮಾರ್ಜಿನ್ ತುಂಬಲಿಲ್ಲವೆಂದು ಬ್ರೋಕರ್‌ಗಳೇ ಮಾರುತ್ತಿದ್ದರು. ಇವೆಲ್ಲ ಒತ್ತಾಯದ ಮಾರಾಟ. ಹತ್ತು ವರ್ಷಕ್ಕೆಂದು ಸಂಬಳದ ಹಣ ಹಾಕಿದವರಿಗೆ ಅಂಥ ಒತ್ತಾಯವೇನೂ ಇರಲಿಲ್ಲ. ಆದರೆ ಪರದೆಯ ಮೇಲೆ ಕಾಣುವುದು ಬೆಲೆ ಮಾತ್ರ, ಮಾರಿದವರ ಕಾರಣವಲ್ಲ. ಅವರ ಅನಿವಾರ್ಯತೆಯನ್ನು ಇವರು ಜಾಣತನವೆಂದು ಓದಿದರು. ಅದೇ ತಿಂಗಳು ದೇಶೀಯ ಸಂಸ್ಥೆಗಳು ದೊಡ್ಡ ಮೊತ್ತದಲ್ಲಿ ಕೊಳ್ಳುತ್ತಿದ್ದವು; ಆ ಸುದ್ದಿ ಅಷ್ಟು ದೊಡ್ಡದಾಗಿ ಕೇಳಲಿಲ್ಲ.

ಮಾರಿದವರ ಮುಂದಿನ ಕಥೆ ನೋಡಿ. ಮಾರ್ಚ್ 23ರ ಮಧ್ಯಾಹ್ನ 3 ಗಂಟೆಯೊಳಗೆ ಕೋರಿಕೆ ಕೊಟ್ಟವರಿಗೆ ಆ ದಿನದ ಕೊನೆಯ ಬೆಲೆಯ ಎನ್‌ಎವಿ ಸಿಕ್ಕಿತು, ಅಂದರೆ ಬೆಳಿಗ್ಗೆ ಪರದೆಯಲ್ಲಿ ಕಂಡದ್ದಕ್ಕಿಂತಲೂ ಕಡಿಮೆ. ಮೂರೇ ವಹಿವಾಟಿನ ದಿನಗಳಲ್ಲಿ, ಮಾರ್ಚ್ 26ಕ್ಕೆ, ನಿಫ್ಟಿ 8,641ಕ್ಕೇರಿತು. ಹಣ ಖಾತೆಗೆ ಬೀಳುವ ಹೊತ್ತಿಗೆ, ಮಾರದೇ ಇದ್ದಿದ್ದರೆ ಅದು 3.49 ಲಕ್ಷವಾಗಿರುತ್ತಿತ್ತು. ಮತ್ತೆ ಕೊಳ್ಳಬಹುದಿತ್ತಲ್ಲ ಎನ್ನಬಹುದು. ಆದರೆ 7,610ಕ್ಕೆ ಮಾರಿದವರು 8,641ಕ್ಕೆ ಕೊಳ್ಳುವುದೆಂದರೆ ತಪ್ಪನ್ನು ದುಡ್ಡು ಕೊಟ್ಟು ಒಪ್ಪಿಕೊಂಡಂತೆ. ‘ಇದು ತಾತ್ಕಾಲಿಕ ಏರಿಕೆ, ಮತ್ತೆ ಇಳಿಯುತ್ತದೆ, ಆಗ ನೋಡೋಣ’ ಎಂದು ಕಾಯುತ್ತಾರೆ. ಏಪ್ರಿಲ್ ಕೊನೆಗೆ ನಿಫ್ಟಿ 9,860. ಹೊರಗೆ ಸೋಂಕಿತರ ಸಂಖ್ಯೆ ದಿನದಿನಕ್ಕೂ ಏರುತ್ತಿತ್ತು. ‘ಪರಿಸ್ಥಿತಿ ತಿಳಿಯಾಗಲಿ’ ಎಂದವರಿಗೆ ತಿಳಿಯಾದ ದಿನ ಕಾಣಲೇ ಇಲ್ಲ. ನವೆಂಬರ್ 9ರಂದು ಸೂಚ್ಯಂಕ 12,461ಕ್ಕೆ ಮುಟ್ಟಿ ಹಳೆಯ ಎತ್ತರ ದಾಟಿತು. ಸುಮ್ಮನಿದ್ದವರ ಹಣ 5.04 ಲಕ್ಷ. ಮಾರಿದವರ 3.08 ಲಕ್ಷ ಠೇವಣಿಯಲ್ಲಿ ಕೆಲವು ಸಾವಿರ ಬಡ್ಡಿ ಗಳಿಸಿರಬಹುದು. ಅಲ್ಲಿಂದ ಅಸಲು ಕಾಣಲು ಅದು ಶೇ 62ರಷ್ಟು ಬೆಳೆಯಬೇಕಿತ್ತು.

ಕಾದು ಕೊಳ್ಳುವ ಲೆಕ್ಕಾಚಾರ ಎಷ್ಟು ಕೈಕೊಡಬಲ್ಲದು ಎಂಬುದಕ್ಕೆ 2009ರ ಮೇ 18 ಇನ್ನೂ ಕಠಿಣ ಸಾಕ್ಷಿ. 2008ರ ಕುಸಿತದಲ್ಲಿ ಹೊರಬಂದ ಅನೇಕರು ಲೋಕಸಭಾ ಚುನಾವಣೆಯ ಫಲಿತಾಂಶ ನೋಡಿ ಒಳಹೋಗೋಣ ಎಂದಿದ್ದರು. ಫಲಿತಾಂಶದ ನಂತರದ ಸೋಮವಾರ ಪೇಟೆ ತೆರೆದ ಕೂಡಲೇ ಅಪ್ಪರ್ ಸರ್ಕಿಟ್ ಮುಟ್ಟಿತು. ಸೆನ್ಸೆಕ್ಸ್ ಒಂದೇ ದಿನ ಶೇ 17ರಷ್ಟು ಏರಿತು, ವಹಿವಾಟು ನಡೆದದ್ದು ಒಂದು ನಿಮಿಷದಷ್ಟೂ ಅಲ್ಲ. ಕೊಳ್ಳಬೇಕೆಂದವರಿಗೆ ಕೊಡುವವರೇ ಇರಲಿಲ್ಲ.

2020ರ ಅಂಕಿಅಂಶದಲ್ಲಿ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಈಕ್ವಿಟಿ ಮ್ಯೂಚುವಲ್ ಫಂಡ್‌ಗಳನ್ನು ಒಟ್ಟಾಗಿ ನೋಡಿದರೆ ಆ ಮಾರ್ಚ್‌ನಲ್ಲಿ ಹೋದ ಹಣಕ್ಕಿಂತ ಬಂದ ಹಣವೇ ಹೆಚ್ಚು. ನಿವ್ವಳ ಹೊರಹರಿವು ಶುರುವಾದದ್ದು ಜುಲೈನಲ್ಲಿ. ಅದು ನವೆಂಬರ್‌ನಲ್ಲಿ, ಸೂಚ್ಯಂಕ ಹಳೆಯ ಎತ್ತರ ಮುಟ್ಟಿದ ತಿಂಗಳಲ್ಲೇ, ಸುಮಾರು 12,900 ಕೋಟಿ ರೂಪಾಯಿಗೆ ಏರಿತು. ತಳದಲ್ಲಿ ಮಾರದೆ ಉಳಿದವರಲ್ಲಿ ಬಹಳ ಮಂದಿ ಅಸಲು ಕಂಡ ಕೂಡಲೇ ಹೊರಬಂದರು ಎಂದೇ ನಾನು ಇದನ್ನು ಓದುತ್ತೇನೆ. ಫೆಬ್ರುವರಿಯಲ್ಲಿ ಮಾಡಿಕೊಂಡ ಸಂಕಲ್ಪ ನವೆಂಬರ್‌ನಲ್ಲಿ ಈಡೇರಿತು, ಅದರ ನಂತರದ ಏರಿಕೆ ಕೈತಪ್ಪಿತು. ತಳದಲ್ಲಿ ಮಾರುವುದೂ ಅಸಲಿಗೆ ಮಾರುವುದೂ ಒಂದೇ ಗಂಟಿನ ಎರಡು ಎಳೆ: ಎರಡರಲ್ಲೂ ನಿರ್ಧಾರ ಮಾಡಿದ್ದು ಕೊಂಡ ಬೆಲೆಯೇ ಹೊರತು ಮುಂದಿನ ಗಳಿಕೆಯ ವಿಚಾರವಲ್ಲ.

ಹಾಗೆಂದು ಕುಸಿತದಲ್ಲಿ ಮಾರುವುದೆಲ್ಲ ತಪ್ಪಲ್ಲ. ಸೂಚ್ಯಂಕದ ಬಗ್ಗೆ ಹೇಳಿದ್ದನ್ನು ಒಂದು ಕಂಪನಿಯ ಷೇರಿಗೆ ಹೇಳಲಾಗದು. 2018ರ ಆಗಸ್ಟ್‌ನಲ್ಲಿ 400 ರೂಪಾಯಿಯ ಆಸುಪಾಸಿನಲ್ಲಿದ್ದ ಯೆಸ್ ಬ್ಯಾಂಕ್ ಷೇರನ್ನು ಪ್ರತಿ ಇಳಿಕೆಯಲ್ಲೂ ‘ಆವರೇಜ್’ ಮಾಡುತ್ತ ಹೋದವರು, 2020ರ ಮಾರ್ಚ್ 6ರಂದು ಅದನ್ನು ದಿನದ ಒಂದು ಹಂತದಲ್ಲಿ 5.55 ರೂಪಾಯಿಗೆ ಕಂಡರು. ಅದು ಹಳೆಯ ಬೆಲೆಗೆ ಮರಳಿಲ್ಲ. ಐವತ್ತು ಕಂಪನಿಗಳ ಸೂಚ್ಯಂಕದಲ್ಲಿ ಸೋತವು ಹೊರಹೋಗಿ ಗೆದ್ದವು ಒಳಬರುತ್ತವೆ. ಒಂಟಿ ಷೇರಿಗೆ ಆ ಆಸರೆ ಇಲ್ಲ. ಕೆಲಸ ಹೋಗಿ ಮನೆ ನಡೆಸಲು ಮಾರಿದವರಿಗಂತೂ ಮನಸ್ಸಿನ ವಾಲಿಕೆಯ ಪಾಠ ಹೇಳುವುದು ಕ್ರೌರ್ಯ. ಅವರಿಗೆ ಕೊರತೆಯಾದದ್ದು ಆರು ತಿಂಗಳ ಖರ್ಚಿನ ಠೇವಣಿ.

ಉಳಿದವರು ತಮ್ಮನ್ನು ತಾವು ಪರೀಕ್ಷಿಸಿಕೊಳ್ಳಲು ಒಂದು ದಾರಿಯಿದೆ. ಮಾರುವುದಕ್ಕೆ ಕೊಡುವ ಕಾರಣದಿಂದ ಬೆಲೆಯ ಮಾತನ್ನು ತೆಗೆದುಹಾಕಿ ನೋಡಬೇಕು. ಕಂಪನಿಯ ಸಾಲ ತೀರುತ್ತಿಲ್ಲ, ಮಗಳ ಕಾಲೇಜು ಶುಲ್ಕ ಮುಂದಿನ ವರ್ಷ ಕಟ್ಟಬೇಕು ಎಂಬಂಥದ್ದು ಉಳಿದರೆ ಅದು ಕಾರಣ. ಏನೂ ಉಳಿಯದಿದ್ದರೆ ಮಾರುತ್ತಿರುವುದು ನೋವು. ಇನ್ನೊಂದು ದಾರಿ ಮೊದಲೇ ಬರೆದಿಟ್ಟುಕೊಂಡ ಪ್ರಮಾಣ. ಅದೇ ಜನವರಿ 14ರಂದು 10 ಲಕ್ಷದಲ್ಲಿ 6 ಲಕ್ಷ ಸೂಚ್ಯಂಕ ಫಂಡ್‌ಗೆ, 4 ಲಕ್ಷ ಠೇವಣಿಗೆ ಎಂದು ನಿಗದಿ ಮಾಡಿದ್ದವರ ಷೇರು ಭಾಗ ಆ ಮಾರ್ಚ್ 23ಕ್ಕೆ 3.69 ಲಕ್ಷಕ್ಕಿಳಿದಿತ್ತು, ಒಟ್ಟು 7.69 ಲಕ್ಷ. ಶೇ 60ರ ಪ್ರಮಾಣ ಕಾಯಲು ಠೇವಣಿಯಿಂದ ಸುಮಾರು 92 ಸಾವಿರ ತೆಗೆದು ಷೇರಿಗೆ ಹಾಕಬೇಕಿತ್ತು. ಅದು ತಳವೆಂದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ.

ಇಷ್ಟನ್ನೂ ಹೂಡಿಕೆದಾರರ ಸಂಯಮಕ್ಕೇ ಬಿಡುವುದು ನ್ಯಾಯವಲ್ಲ. ಫಂಡ್ ಕೊಳ್ಳುವಾಗ ಅಪಾಯದ ಮಟ್ಟ ತೋರಿಸುವ ‘ರಿಸ್ಕೋಮೀಟರ್’ ಇರಬೇಕೆಂದು ಸೆಬಿ ನಿಯಮ ಮಾಡಿದೆ. ಮಾರುವಾಗಲೂ ಅಂಥದ್ದೊಂದು ಇರಲಿ. ಎಷ್ಟು ವರ್ಷಕ್ಕೆ, ಯಾವ ಖರ್ಚಿಗೆ ಈ ಹಣ ಎಂದು ಕೊಳ್ಳುವ ದಿನ ಹೂಡಿಕೆದಾರರಿಂದ ಬರೆಸಿಕೊಂಡು, ರಿಡೀಮ್ ಗುಂಡಿ ಒತ್ತುವ ಮುನ್ನ ಅವರದೇ ಆ ಸಾಲನ್ನು ಅವರಿಗೆ ತೋರಿಸಬೇಕು. ಹಣ ತೆಗೆಯುವುದನ್ನು ತಡೆಯಬೇಕಿಲ್ಲ, ತಡಮಾಡಬೇಕೂ ಇಲ್ಲ. ಹಗಲಿಡೀ ಸೂಚ್ಯಂಕದ ಇಳಿಕೆಯನ್ನು ಮೊಬೈಲಿಗೆ ಕಳುಹಿಸುವ ಆ್ಯಪ್‌ಗಳಿಗೆ ಈ ಒಂದು ಸಾಲು ತೋರಿಸುವುದು ತಾಂತ್ರಿಕವಾಗಿ ದೊಡ್ಡ ಕೆಲಸವಲ್ಲ.