ಇಂಗ್ಲಿಷ್ ಆಮೇಲೆ, ಮೊದಲು ಹೆಸರು ನೋಡಿ

ಇಂಟರ್ನ್‌ಶಿಪ್ ಸೀಸನ್ ಬಂತು ಅಂದ್ರೆ ನಮ್ಮ ಹಾಸ್ಟೆಲ್‌ನಲ್ಲಿ ಒಂದೇ ಮಾತು: "ಮಗಾ, ಈ ಇಂಗ್ಲಿಷ್ ಸರಿ ಇದ್ಯಾ ನೋಡೋ." ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿ ಕಡೆಯಿಂದ, ಕನ್ನಡ ಮೀಡಿಯಂನಲ್ಲಿ ಓದಿ ಬಂದ ಗೆಳೆಯರು ಇದನ್ನ ಜಾಸ್ತಿ ಕೇಳ್ತಾರೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವು ಹೇಳೋದು ಇಷ್ಟೇ: ಮೇಲ್ ಕೆಡೋದು ಹೆಚ್ಚಾಗಿ ಗ್ರಾಮರ್‌ನಿಂದ ಅಲ್ಲ, ಯಾರೂ ಓದದೆ ಬಿಡೋ ಜಾಗಗಳಿಂದ.

ಆ ಊರಿನವನೇ ಒಬ್ಬ ತುಮಕೂರಿನ ವಸಂತನರಸಾಪುರದ ಒಂದು ಫ್ಯಾಕ್ಟರಿಗೆ ಮೇಲ್ ಬರೆದ. ಅದನ್ನೇ ಕಾಪಿ ಮಾಡಿ ಪೀಣ್ಯದ ಇನ್ನೊಂದು ಕಂಪನಿಗೂ ರೆಡಿ ಮಾಡಿದ. ಭಾಷೆಯಲ್ಲಿ ಒಂದೂ ತಪ್ಪಿರಲಿಲ್ಲ. ಆದರೆ ಮೂರನೇ ಸಾಲಿನಲ್ಲಿ ವಸಂತನರಸಾಪುರ ಹಾಗೇ ಕೂತಿತ್ತು. ನಾಲ್ಕು ಸಲ ಓದಿದ್ದನಂತೆ! ತಾನೇ ಬರೆದದ್ದನ್ನ ಓದುವಾಗ ಕಣ್ಣು ಓದೋದಿಲ್ಲ, ನೆನಪು ಓದುತ್ತೆ. ಅದಕ್ಕೇ ಓದೋದಕ್ಕಿಂತ ಹುಡುಕೋದು ವಾಸಿ. Ctrl+F ಒತ್ತಿ ಹಳೇ ಕಂಪನಿಯ ಹೆಸರು, ಊರು, ಹುದ್ದೆ ಒಂದೊಂದಾಗಿ ಟೈಪ್ ಮಾಡಿ, ಒಂದೂ ಸಿಗಬಾರದು. ಫೋನಿನಲ್ಲಾದ್ರೆ ಕೊನೇ ಸಾಲಿನಿಂದ ಮೇಲಕ್ಕೆ ಓದಿ. ಸ್ಪೆಲ್‌ಚೆಕ್ ನಂಬಬೇಡಿ, manager ಬದಲು manger ಅಂತ ಬರೆದ್ರೂ ಅದು ಸುಮ್ಮನಿರುತ್ತೆ, ಯಾಕಂದ್ರೆ ಅದೂ ಒಂದು ಪದವೇ.

ಆಮೇಲೆ ನಿಮ್ಮ ಹೆಸರು. ನಮ್ಮ ಕಡೆ ಇನಿಷಿಯಲ್ ಗೊಂದಲ ಇದ್ದದ್ದೇ: ಮಾರ್ಕ್ಸ್ ಕಾರ್ಡಿನಲ್ಲಿ ಹಿಂದೆ, ಆಧಾರ್‌ನಲ್ಲಿ ಮುಂದೆ, ಜಿಮೇಲ್‌ನಲ್ಲಿ ಹೈಸ್ಕೂಲಿನಲ್ಲಿ ಇಟ್ಟುಕೊಂಡ ಯಾವುದೋ ಹೀರೋ ಹೆಸರು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇರೋದನ್ನೇ ಹಿಡಿದುಕೊಂಡು ಮೇಲ್ ಅಕೌಂಟು, ರೆಸ್ಯೂಮೆ, ಕೊನೆಯ ಸಹಿ ಮೂರರಲ್ಲೂ ಒಂದೇ ಥರ ಇದೆಯಾ ನೋಡಿ. ಊರಿನ ಹೆಸರಿಗೂ ಇದೇ ರೂಲ್: ಒಂದು ಕಡೆ Pattanayakanahalli, ಇನ್ನೊಂದು ಕಡೆ ಕೊನೆಗೆ y ಬೇಡ. ಫೋನ್ ನಂಬರನ್ನ ಕಣ್ಣಲ್ಲಿ ನೋಡಿದ್ರೆ ಸಾಲದು. ರೆಸ್ಯೂಮೆಯಿಂದ ಕಾಪಿ ಮಾಡಿ ರೂಮ್‌ಮೇಟ್ ಫೋನಿನಿಂದ ಡಯಲ್ ಮಾಡಿಸಿ. ನಿಮ್ಮ ಫೋನ್ ರಿಂಗ್ ಆಗಬೇಕು.

ಅಟ್ಯಾಚ್‌ಮೆಂಟ್ ಮರೆತರೆ ಜಿಮೇಲ್ ಎಷ್ಟೋ ಸಲ ಎಚ್ಚರಿಸುತ್ತೆ. ಆದರೆ ನೀವು ಹಾಕಿದ್ದು ಸರಿಯಾದ ಫೈಲಾ ಅಂತ ಅದಕ್ಕೆ ಗೊತ್ತಿರಲ್ಲ. resume_new_final2.pdf ಇರೋ ಫೋಲ್ಡರಿನಲ್ಲಿ resume_new_final.pdf ಕೂಡ ಇರುತ್ತೆ ತಾನೇ? ಹಾಗಾಗಿ ಫೋಲ್ಡರಿನಿಂದಲ್ಲ, ಡ್ರಾಫ್ಟಿಗೆ ಸೇರಿಸಿದ ಫೈಲನ್ನೇ ಕ್ಲಿಕ್ ಮಾಡಿ ತೆರೆದು ನೋಡಿ. ಡ್ರೈವ್ ಲಿಂಕ್ ಕೊಟ್ಟಿದ್ರೆ ಇನ್‌ಕಾಗ್ನಿಟೊ ವಿಂಡೋದಲ್ಲಿ ತೆರೆಯಿರಿ. ಅಲ್ಲಿ ಪರ್ಮಿಷನ್ ಕೇಳಿದ್ರೆ ಎಚ್‌ಆರ್‌ಗೂ ಕೇಳುತ್ತೆ.

ಇಷ್ಟೆಲ್ಲ ಮುಗಿಯೋವರೆಗೂ To ಖಾಲಿ ಇರಲಿ. ವಿಳಾಸವನ್ನ ಕೊನೆಗೆ ತುಂಬಿದ್ರೆ ಅರ್ಧ ಬರೆದ ಮೇಲ್ ಕೈತಪ್ಪಿ ಹೋಗೋದಿಲ್ಲ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ Undo Send ಸಮಯವನ್ನ 5 ಸೆಕೆಂಡಿನಿಂದ 30ಕ್ಕೆ ಏರಿಸಿಕೊಳ್ಳಿ. ಕಳಿಸಿದ ಮೇಲೇ ಕಂಪನಿ ಹೆಸರು ಕಣ್ಣಿಗೆ ಬೀಳೋದು, 5 ಸೆಕೆಂಡ್ ಅದಕ್ಕೆ ಸಾಲಲ್ಲ.