ಕಾಯುವುದಕ್ಕೂ ಅಳತೆ ಬೇಕು

ಹುಡುಗಿ ದೊಡ್ಡವಳಾದರೆ ಕನ್ನಡದಲ್ಲಿ ಅದಕ್ಕೊಂದು ಮಾತಿದೆ: ಮೈನೆರೆದಳು. ಆ ದಿನವೂ ಮನೆಯವರಿಗೆ ನೆನಪಿರುತ್ತದೆ. ಹುಡುಗನಿಗೆ ಅಂಥ ದಿನವೂ ಇಲ್ಲ, ಅಂಥ ಮಾತೂ ಇಲ್ಲ. ದನಿ ಒಡೆಯಿತು, ಮೀಸೆ ಚಿಗುರಿತು ಎನ್ನುತ್ತಾರೆ. ಆದರೆ ಇವು ತಡವಾಗಿ ಕಾಣುವ ಗುರುತುಗಳು. ಹುಡುಗರಲ್ಲಿ ಹರೆಯ ಶುರುವಾಗುವುದು ವೃಷಣಗಳು ದೊಡ್ಡದಾಗುವುದರಿಂದ. ಸರ್ರನೆ ಎತ್ತರ ಬೆಳೆಯುವ ಕಾಲ ಬರುವುದು ಸಾಮಾನ್ಯವಾಗಿ ಅದಾಗಿ ಒಂದೆರಡು ವರ್ಷಕ್ಕೆ. ಹೀಗಾಗಿ ಮೊದಲ ಗುರುತು ಮನೆಯವರ ಕಣ್ಣಿಗೆ ಬೀಳುವುದೇ ಇಲ್ಲ. ಬೀಳುವುದು ಒಂದೇ: ಹುಡುಗ ಕುಳ್ಳಗಿದ್ದಾನೆ.

ಪುಣೆಯಲ್ಲಿರುವ ಒಂದು ಕನ್ನಡ ಕುಟುಂಬದ ಹುಡುಗನನ್ನು ಊಹಿಸಿಕೊಳ್ಳಿ. ವಯಸ್ಸು ಹದಿನಾಲ್ಕೂವರೆ, ಎತ್ತರ 139 ಸೆಂ.ಮೀ. ತರಗತಿಯ ಫೋಟೋದಲ್ಲಿ ಮೊದಲ ಸಾಲಿನ ತುದಿಯಲ್ಲಿ ನಿಲ್ಲುತ್ತಾನೆ. ಬಸ್ಸಿನಲ್ಲಿ ಕಂಡಕ್ಟರ್ ಅರ್ಧ ಟಿಕೆಟ್ ಕೊಡಲು ಬರುತ್ತಾನೆ. ಅಪ್ಪ 172, ಅಮ್ಮ 158 ಸೆಂ.ಮೀ. ಇದ್ದಾರೆ. ಮನೆಯಲ್ಲಿ ಎರಡು ಸಲಹೆ ಓಡಾಡುತ್ತಿವೆ. ಟಾನಿಕ್ ಕುಡಿಸಿ, ಬಾರಿಗೆ ನೇತಾಡಿಸಿ ಎನ್ನುವುದು ಒಂದು. ಊರಿನಿಂದ ಫೋನಿನಲ್ಲಿ ಅಜ್ಜಿ ಹೇಳುವುದು ಇನ್ನೊಂದು: 'ಅವರಪ್ಪನೂ ಹಂಗೇ ಇದ್ದ, ಪಿಯುಸಿ ಮುಗಿದ ಮೇಲೆ ಬೆಳೆದ. ಸುಮ್ನಿರಿ.'

ಅಜ್ಜಿಯ ಮಾತು ನಿಜವಾಗಿಯೂ ಬೆಲೆಯುಳ್ಳದ್ದು. ವೈದ್ಯರು ಕಾನ್‌ಸ್ಟಿಟ್ಯೂಷನಲ್ ಗ್ರೋತ್ ಡಿಲೇ ಎನ್ನುವ ಈ ತಡವಾದ ಬೆಳವಣಿಗೆ ಬಹಳಷ್ಟು ಕುಟುಂಬಗಳಲ್ಲಿ ವಂಶದಲ್ಲೇ ಇರುತ್ತದೆ. ಆದರೆ ಅವರ ಮಾತಿನಲ್ಲಿರುವ 'ಸುಮ್ನಿರಿ' ಮಾತ್ರ ತಪ್ಪು. ಕಾಯುವುದು ಬೇರೆ, ಅಳೆಯದೆ ಸುಮ್ಮನಿರುವುದು ಬೇರೆ.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇವತ್ತಿನ ಎತ್ತರವಲ್ಲ, ವರ್ಷಕ್ಕೆ ಎಷ್ಟು ಬೆಳೆದ ಎನ್ನುವುದು. ಹಳೆಯ ಶಾಲಾ ಆರೋಗ್ಯ ಕಾರ್ಡು, ಲಸಿಕೆಯ ಪುಸ್ತಕ, ಬಾಗಿಲ ಚೌಕಟ್ಟಿನ ಪೆನ್ಸಿಲ್ ಗೆರೆ ಎಲ್ಲವೂ ಉಪಯೋಗಕ್ಕೆ ಬರುತ್ತವೆ. ವರ್ಗಾವಣೆಯಾಗಿ ಊರೂರು ಸುತ್ತುವ ಕುಟುಂಬಗಳಲ್ಲಿ ಮೊದಲು ಕಳೆದುಹೋಗುವುದೂ ಇವೇ. ಈ ಹುಡುಗನ ಅಳತೆಗಳು ಸಿಕ್ಕಿದವು: ಹನ್ನೊಂದೂವರೆಗೆ 125.5, ಮುಂದಿನ ವರ್ಷ 130, ಆಮೇಲೆ 134.5, ಈಗ 139. ವರ್ಷಕ್ಕೆ ನಾಲ್ಕೂವರೆ ಸೆಂ.ಮೀ. ಹರೆಯಕ್ಕೆ ಮುಂಚಿನ ಬೆಳವಣಿಗೆಯ ವೇಗ ಇದೇ. ಅವನು ನಿಂತಿಲ್ಲ, ಓರಗೆಯವರು ಓಡತೊಡಗಿದ್ದಾರೆ, ಅವನಿನ್ನೂ ನಡೆಯುತ್ತಿದ್ದಾನೆ.

ಎರಡನೆಯದು ಎಡಗೈ ಮತ್ತು ಮಣಿಕಟ್ಟಿನ ಒಂದು ಎಕ್ಸ್‌ರೇ. ಎಲುಬಿನ ತುದಿಗಳು ಎಷ್ಟು ಬಲಿತಿವೆ ಎಂದು ನೋಡಿ ಮೂಳೆಯ ವಯಸ್ಸು ಹೇಳುತ್ತಾರೆ. ಇವನದು 12 ವರ್ಷ ಎಂದು ಬಂತು. ಆ ಹಂತದಲ್ಲಿರುವ, ಮೂಳೆ ತಡವಾಗಿ ಬಲಿಯುವ ಹುಡುಗ ತನ್ನ ಕೊನೆಯ ಎತ್ತರದ ಸುಮಾರು ಶೇ. 84ರಷ್ಟನ್ನು ಮುಟ್ಟಿರುತ್ತಾನೆ. ಲೆಕ್ಕ ಹಾಕಿದರೆ 165 ಸೆಂ.ಮೀ. ಆಸುಪಾಸು. ತಂದೆತಾಯಿಯ ಎತ್ತರ ಕೂಡಿಸಿ, 13 ಸೇರಿಸಿ, ಎರಡರಿಂದ ಭಾಗಿಸಿದರೆ 171.5 ಬರುತ್ತದೆ. ಎರಡೂ ಅಂದಾಜುಗಳೇ, ಐದಾರು ಸೆಂ.ಮೀ. ಆಚೀಚೆ ಆಗಬಹುದು. ಮೂಳೆ ಬಹಳ ಹಿಂದಿದ್ದವರಲ್ಲಿ ಎಕ್ಸ್‌ರೇ ಲೆಕ್ಕ ತುಸು ಹೆಚ್ಚೇ ಹೇಳಿಬಿಡುತ್ತದೆ.

ಎಕ್ಸ್‌ರೇ ಒಂದನ್ನೇ ನಂಬುವಂತಿಲ್ಲ. ಥೈರಾಯ್ಡ್ ಕಡಿಮೆಯಿದ್ದರೂ, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಯಿದ್ದರೂ ಮೂಳೆಯ ವಯಸ್ಸು ಹಿಂದೆ ಬೀಳುತ್ತದೆ. ಅವನ್ನು ಹಿಡಿದುಕೊಡುವುದು ವೇಗ ಮತ್ತು ರಕ್ತಪರೀಕ್ಷೆ. ವರ್ಷದ ಬೆಳವಣಿಗೆ ನಾಲ್ಕು ಸೆಂ.ಮೀ.ಗಿಂತ ಕಡಿಮೆಯಾದರೆ, ತೂಕ ಇಳಿದರೆ, ತಲೆನೋವಿನ ಜೊತೆ ದೃಷ್ಟಿ ಮಂದವಾದರೆ ಕಾಯುವಂತಿಲ್ಲ. ಒಗ್ಗರಣೆಯ ವಾಸನೆಯೇ ತಿಳಿಯದ ಹುಡುಗನಾದರೆ ಅದನ್ನೂ ವೈದ್ಯರಿಗೆ ಹೇಳಬೇಕು. ಹರೆಯ ತಾನಾಗಿ ಬಾರದಿರುವ ಒಂದು ಅಪರೂಪದ ತೊಂದರೆಯ ಸೂಚನೆ ಅದು. ಇವೇನೂ ಇಲ್ಲದಿದ್ದರೂ, ಹದಿನಾಲ್ಕು ತುಂಬಿ ಹರೆಯದ ಮೊದಲ ಗುರುತು ಕಾಣದಿದ್ದರೆ ಒಮ್ಮೆ ಮಕ್ಕಳ ಹಾರ್ಮೋನ್ ತಜ್ಞರನ್ನು ಕಾಣುವುದು ಸರಿ.

ಅಲ್ಲಿ ವೈದ್ಯರು ಮಣಿಸರದಂಥ ಒಂದು ಸಾಧನದೊಂದಿಗೆ ಹೋಲಿಸಿ ವೃಷಣದ ಗಾತ್ರ ನೋಡುತ್ತಾರೆ. 4 ಮಿ.ಲೀ. ಮುಟ್ಟಿದ್ದರೆ ಹರೆಯ ಶುರುವಾಗಿದೆ ಎಂದರ್ಥ. ಇವನದು ಮುಟ್ಟಿತ್ತು. ಮನೆಯವರೆಲ್ಲ ಮೀಸೆ ಹುಡುಕುತ್ತಿದ್ದಾಗ ಉತ್ತರ ಇಲ್ಲಿತ್ತು.

ಇದನ್ನು ಹುಡುಗನಿಗೇ ಹೇಳಬೇಕು. 'ಬೆಳೀತೀಯ ಬಿಡೋ' ಎನ್ನುವುದನ್ನು ಅವನು ಮೂರು ವರ್ಷದಿಂದ ಕೇಳಿದ್ದಾನೆ; ಅದರ ಮೇಲೆ ಅವನಿಗೆ ನಂಬಿಕೆ ಉಳಿದಿಲ್ಲ. 'ನಿನ್ನ ಮೂಳೆಗೆ ಈಗ 12 ವರ್ಷ, ಹರೆಯ ಶುರುವಾಗಿದೆ, ಒಂದೆರಡು ವರ್ಷದಲ್ಲಿ ಬೇಗ ಬೆಳೆಯುತ್ತೀಯ, ಆರಾರು ತಿಂಗಳಿಗೊಮ್ಮೆ ಅಳೆಯೋಣ' ಎಂದರೆ ಲೆಕ್ಕ ಅವನ ಕೈಗೂ ಸಿಗುತ್ತದೆ. ಶುರುವೇ ಆಗಿರದೆ, ಅವಮಾನದಿಂದ ಶಾಲೆಯೇ ಬೇಡವೆನ್ನುವ ಹುಡುಗನಿಗೆ ತಜ್ಞರು ಮೂರರಿಂದ ಆರು ತಿಂಗಳು ಸಣ್ಣ ಪ್ರಮಾಣದ ಟೆಸ್ಟೋಸ್ಟೆರಾನ್ ಕೊಡುವುದುಂಟು. ಸರಿಯಾಗಿ ಕೊಟ್ಟರೆ ಕೊನೆಯ ಎತ್ತರ ಅದರಿಂದ ಕಡಿಮೆಯಾಗದು. ಟಾನಿಕ್ಕಿನಿಂದ ಎತ್ತರಕ್ಕೆ ಏನೂ ಸೇರದು.

ಅಜ್ಜಿಗೂ ಒಂದು ಕೆಲಸವಿದೆ: ಅಪ್ಪ ಯಾವ ವಯಸ್ಸಿಗೆ ಬೆಳೆದ ಎಂಬುದನ್ನು ಅವರು ನೆನಪಿಸಿಕೊಂಡು ಹೇಳಲಿ, ಅದನ್ನೂ ವೈದ್ಯರ ಫೈಲಿನಲ್ಲಿ ಬರೆಸೋಣವಾಗಲಿ.