ಬೆರಳಚ್ಚಿನ ಪ್ರಮಾಣಪತ್ರ ಯಾರು ಕೊಟ್ಟದ್ದು?

ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳಿಂದ ಬರುವ ವಿದ್ಯಾರ್ಥಿಗಳು ಪದವಿ ಮುಗಿಯುವ ಮೊದಲೇ ಕೇಳುವುದುಂಟು: “ಕಂಪ್ಯೂಟರ್ ಕೋರ್ಸಿನ ಸರ್ಟಿಫಿಕೇಟು ಇದೆ, ಗುಮಾಸ್ತೆಯ ಹುದ್ದೆಗೆ ಸಾಕಲ್ಲವೇ, ಸಾರ್?” ಉತ್ತರ ಹುದ್ದೆಯನ್ನು ಅವಲಂಬಿಸಿದೆ.

ಪ್ರಥಮ ಹಾಗೂ ದ್ವಿತೀಯ ದರ್ಜೆ ಸಹಾಯಕರ ಹುದ್ದೆಗೆ ಅರ್ಜಿ ಹಾಕುವಾಗ ಸಾಮಾನ್ಯವಾಗಿ ಕೇಳುವುದು ಪದವಿ ಅಥವಾ ಪಿಯುಸಿ ಮಾತ್ರ, ಬೆರಳಚ್ಚಿನ ಪತ್ರವಲ್ಲ. ಕಂಪ್ಯೂಟರಿನ ಮಾತು ನೇಮಕವಾದ ಮೇಲೆ ಬರುತ್ತದೆ. 2012ರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯ ನಿಯಮಗಳಂತೆ ಸರ್ಕಾರಿ ನೌಕರನು ಆ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಪ್ರೊಬೇಷನ್ ಮುಗಿಯುವುದೂ ಬಡ್ತಿಯೂ ಅದಕ್ಕೆ ಗಂಟುಬಿದ್ದಿವೆ. ಪರೀಕ್ಷೆ ನಡೆಸುವುದು ಕಿಯೋನಿಕ್ಸ್. ಅದೇ ಸಂಸ್ಥೆಯ ಹೆಸರಿನಲ್ಲಿ ತರಬೇತಿ ಪತ್ರಗಳೂ ದೊರೆಯುವುದರಿಂದ ಗೊಂದಲ ಹುಟ್ಟುತ್ತದೆ. ತರಬೇತಿ ಪಡೆದ ಪತ್ರ ಬೇರೆ, ಈ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದು ಬೇರೆ.

ಜಿಲ್ಲಾ ನ್ಯಾಯಾಲಯದ ಬೆರಳಚ್ಚುಗಾರರ ಹುದ್ದೆಯ ಸಂಗತಿಯೇ ಬೇರೆ. ಚಿತ್ರದುರ್ಗ ಜಿಲ್ಲಾ ಘಟಕದಲ್ಲಿ ಆಯ್ಕೆಯಾದವರು ಹಿರಿಯೂರಿನಲ್ಲೋ ಹೊಸದುರ್ಗದಲ್ಲೋ ಕೆಲಸಕ್ಕೆ ಕೂರಬಹುದು. ಇಲ್ಲಿ ಕನ್ನಡ ಮತ್ತು ಆಂಗ್ಲ ಎರಡರಲ್ಲೂ ಪ್ರೌಢ ದರ್ಜೆ ಬೆರಳಚ್ಚು ತೇರ್ಗಡೆಯಾಗಿರಬೇಕು. ಪರೀಕ್ಷೆ ನಡೆಸುವುದು ರಾಜ್ಯದ ಪರೀಕ್ಷಾ ಮಂಡಳಿ. ಹಿಂದೆ ಅದರ ಹೆಸರು ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ, ಈಗ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ಹಳೆಯ ಹೆಸರಿನ ಅಂಕಪಟ್ಟಿ ಕಂಡು ಗಾಬರಿ ಬೇಡ. ಬೀದಿಯ ಬೆರಳಚ್ಚು ಶಾಲೆ ಕಲಿಸಬಲ್ಲದು, ಅದರ ಪತ್ರ ಮಾತ್ರ ಮಂಡಳಿಯ ಪತ್ರವಾಗದು. ‘ತತ್ಸಮಾನ’ ಯಾವುದೆಂಬುದನ್ನು ಪ್ರಕಟಣೆಯಲ್ಲಿಯೇ ಓದಬೇಕು.

ಇನ್ನು ಸಿಂಧುತ್ವ. ಮಂಡಳಿಯ ಅಂಕಪಟ್ಟಿ ಆದಾಯ ಪ್ರಮಾಣಪತ್ರದಂತೆ ವರ್ಷಗಳ ಲೆಕ್ಕದಲ್ಲಿ ಮುಪ್ಪಾಗುವುದಿಲ್ಲ. ತೊಡಕಿರುವುದು ದಿನಾಂಕದಲ್ಲಿ. ಹೊಳಲ್ಕೆರೆಯ ತರುಣಿಯೊಬ್ಬಳನ್ನು ಊಹಿಸಿಕೊಳ್ಳಿ. ಕನ್ನಡ ಪ್ರೌಢ ದರ್ಜೆ ಎರಡು ವರ್ಷದ ಹಿಂದೆಯೇ ಮುಗಿದಿದೆ. ಆಂಗ್ಲ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾದಿದ್ದಾಳೆ. ಅರ್ಜಿಯ ಕೊನೆಯ ದಿನ ಜೂನ್ 10, ಫಲಿತಾಂಶ ಬಂದದ್ದು ಜೂನ್ 20. ಅರ್ಹತೆಯನ್ನು ಅಳೆಯುವುದು ಕೊನೆಯ ದಿನಕ್ಕೆ. ಮೂಲ ದಾಖಲೆ ಪರಿಶೀಲಿಸುವ ದಿನ ಎರಡೂ ಪತ್ರಗಳು ಕೈಯಲ್ಲಿದ್ದರೂ ಆಕೆ ಹೊರಗುಳಿಯುತ್ತಾಳೆ. ಕಠೋರವೆನಿಸಿದರೂ ಎಲ್ಲರಿಗೂ ಒಂದೇ ಗೆರೆ ಇರಬೇಕಾದುದು ನ್ಯಾಯವೇ.

ಪತ್ರವಿದ್ದರೂ ಕಂಪ್ಯೂಟರಿನ ಮೇಲೆ ಬೆರಳಚ್ಚಿನ ಅರ್ಹತಾ ಪರೀಕ್ಷೆ ಉಂಟು. ಹಳೆಯ ಯಂತ್ರದಲ್ಲಿ ಪಳಗಿದವರು ಎಡವುವುದು ಇಲ್ಲಿಯೇ. ಯಂತ್ರದಲ್ಲಿ ಅಕ್ಷರದ ತುಂಡುಗಳನ್ನು ಜೋಡಿಸುತ್ತಿದ್ದೆವು. ನುಡಿ ತಂತ್ರಾಂಶದಲ್ಲಿ ಉಚ್ಚಾರದ ಕ್ರಮದಲ್ಲಿ ಒತ್ತಬೇಕು. ‘ಕನ್ನಡ’ ಎನ್ನಲು knfnw. ನಡುವಿನ f ಒತ್ತಕ್ಷರವನ್ನು ತರುವ ಕೀಲಿ. ತಲೆಗೆ ಇದು ಅರ್ಧ ಗಂಟೆಯ ಪಾಠ, ಬೆರಳುಗಳಿಗೆ ಕೆಲವು ತಿಂಗಳ ಪಾಠ. ಪ್ರಕಟಣೆ ಬಂದ ಮೇಲೆ ಕೀಲಿಮಣೆ ಬದಲಿಸುವಷ್ಟು ವ್ಯವಧಾನ ಯಾರಿಗೂ ಸಿಕ್ಕದು.